7^2026 ಅನ್ನು 13ರಿಂದ ಭಾಗಿಸಿದರೆ ಉಳಿಯುವುದೆಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಹೊತ್ತು ನಮ್ಮ ಮನೆ ಜಗಲಿಗೆ ನಾಲ್ಕೈದು ಜನ ಲೆಕ್ಕ ಕೇಳಲು ಬರುತ್ತಾರೆ. ಕೆಲವರು ಪಿಯುಸಿ ಓದುವವರು, ಕೆಲವರು ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುತ್ತಿರುವವರು. ವರ್ಷಕ್ಕೊಮ್ಮೆಯಾದರೂ ಈ 7 ಮತ್ತು 13ರ ಲೆಕ್ಕ ಬಂದೇ ಬರುತ್ತದೆ. ಅವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. 7^2026 ಎಂದು ಬರೆದರೆ 7ನ್ನು 2026 ಸಲ ಇಟ್ಟು ಒಂದಕ್ಕೊಂದು ಗುಣಿಸುವುದು ಎಂದರ್ಥ. ಮೇಲೆ ಕೂರುವ 2026 ಘಾತಾಂಕ.

ಮೊದಲು ಉತ್ತರ ಹೇಳಿಬಿಡಿ. ಎಷ್ಟು?

4.

2026ನ್ನು 12ರಿಂದ ಭಾಗಿಸಿ. 12 × 168 = 2016, ಉಳಿದದ್ದು 10. ಹಾಗಾಗಿ 7^2026 ಬಿಡುವ ಶೇಷವೂ 7^10 ಬಿಡುವ ಶೇಷವೂ ಒಂದೇ. 7^10 ಅಂದರೆ 28,24,75,249. ಅದನ್ನು 13ರಿಂದ ಭಾಗಿಸಿದರೆ 4 ಉಳಿಯುತ್ತದೆ. ಭಾಗಿಸಬೇಕಾದದ್ದು 13ರಿಂದ, ನಾನು ಭಾಗಿಸಿದ್ದು 12ರಿಂದ. ಇದು ಯಾಕೆ ಎನ್ನುವುದೇ ಈ ಲೆಕ್ಕದ ಜೀವಾಳ. ಕೆಳಗೆ ಬರುತ್ತದೆ.

7^2026 ಎಷ್ಟು ದೊಡ್ಡದು? ಅದನ್ನು ಪೂರ್ತಿ ಬರೆಯದೆ ಶೇಷ ಹೇಗೆ ಗೊತ್ತಾಗುತ್ತದೆ?

ಅದರಲ್ಲಿ 1713 ಅಂಕಿಗಳಿವೆ. ಬರೆಯಲು ಕೂತರೆ ನೋಟ್‌ಬುಕ್ಕಿನ ಒಂದೆರಡು ಪುಟ ತುಂಬುತ್ತದೆ. ಆದರೆ ಬರೆಯುವ ಅಗತ್ಯವೇ ಇಲ್ಲ.

ಬಾಳೆಹಣ್ಣಿನ ಲೆಕ್ಕದಲ್ಲಿ ನೋಡೋಣ. ನಿಮ್ಮ ಹತ್ತಿರ 7 × 7 = 49 ಬಾಳೆಹಣ್ಣು ಇವೆ. ಚಿಪ್ಪಿಗೆ 13ರಂತೆ ಜೋಡಿಸಿದರೆ 3 ಚಿಪ್ಪು ಆಗಿ 10 ಬಿಡಿ ಹಣ್ಣು ಉಳಿಯುತ್ತವೆ. ಈಗ ಇಂಥದ್ದೇ ರಾಶಿ ಏಳು ಇವೆ ಎಂದುಕೊಳ್ಳಿ. ಅಂದರೆ 7^3. ಚಿಪ್ಪುಗಳು ಚಿಪ್ಪುಗಳಾಗಿಯೇ ಇರುತ್ತವೆ, ಅವನ್ನು ಮತ್ತೆ ಬಿಚ್ಚಿ ಎಣಿಸುವ ಕೆಲಸವಿಲ್ಲ. ಬಿಡಿ ಹಣ್ಣು ಮಾತ್ರ ನೋಡಿದರೆ ಸಾಕು: 7 × 10 = 70. ಅದರಲ್ಲಿ ಇನ್ನೈದು ಚಿಪ್ಪು ಹೋಗಿ 5 ಹಣ್ಣು ಉಳಿಯುತ್ತವೆ. 7^3 = 343 ಅಲ್ವಾ, ಭಾಗಿಸಿ ನೋಡಿ: 13 × 26 = 338, ಶೇಷ 5. ಸರಿಯಾಯಿತು.

ಇಷ್ಟೇ ಸಂಗತಿ. ಪ್ರತಿ ಸಲ ಗುಣಿಸಿದ ಕೂಡಲೇ 13ರ ಚಿಪ್ಪುಗಳನ್ನು ಪಕ್ಕಕ್ಕೆ ಸರಿಸಿ, ಬಿಡಿ ಹಣ್ಣನ್ನು ಮಾತ್ರ ಮುಂದಿನ ಗುಣಾಕಾರಕ್ಕೆ ಒಯ್ಯುವುದು. ಕೈಯಲ್ಲಿರುವ ಸಂಖ್ಯೆ ಯಾವತ್ತೂ 12ನ್ನು ದಾಟುವುದಿಲ್ಲ. ಗುಣಿಸಿದಾಗ ಹೆಚ್ಚೆಂದರೆ 84 ಬರುತ್ತದೆ. ಏಳರ ಮಗ್ಗಿ ಬರುವ ಯಾರಾದರೂ ಮಾಡಬಹುದು.

ಹಾಗಾದರೆ 2026 ಸಲ ಗುಣಿಸಬೇಕಾ?

ಬೇಡ. ಹನ್ನೆರಡು ಸಲ ಸಾಕು. ಒಮ್ಮೆ ಕೈಯಾರೆ ಮಾಡಿ ನೋಡಿ. ನೋಡಿ ಒಪ್ಪಿಕೊಳ್ಳುವುದಕ್ಕಿಂತ ಮಾಡಿ ಒಪ್ಪಿಕೊಳ್ಳುವುದು ಮೇಲು.

```
7^1          ->  7
7^2 : 7*7=49   -> 10
7^3 : 7*10=70  ->  5
7^4 : 7*5=35   ->  9
7^5 : 7*9=63   -> 11
7^6 : 7*11=77  -> 12
7^7 : 7*12=84  ->  6
7^8 : 7*6=42   ->  3
7^9 : 7*3=21   ->  8
7^10: 7*8=56   ->  4
7^11: 7*4=28   ->  2
7^12: 7*2=14   ->  1
```

ಹನ್ನೆರಡನೆಯ ಸಾಲಿನಲ್ಲಿ 1 ಬಂತು. ಮುಂದಿನದು 7 × 1 = 7, ಅಂದರೆ ಮೊದಲ ಸಾಲಿಗೇ ವಾಪಸ್. ಅಲ್ಲಿಂದ ಮತ್ತೆ ಅದೇ 10, 5, 9, 11... ಯಾವತ್ತೂ ತಪ್ಪದ ಸುತ್ತು. ಘಾತಾಂಕಕ್ಕೆ 12 ಸೇರಿಸಿದರೂ ಕಳೆದರೂ ಶೇಷ ಅಲುಗಾಡುವುದಿಲ್ಲ.

ಗೋಡೆ ಗಡಿಯಾರದ ಹಾಗೆ. ಈಗ ಮೂರು ಗಂಟೆ ಇದ್ದರೆ ಇನ್ನು 24 ಗಂಟೆ ಕಳೆದ ಮೇಲೂ ಮುಳ್ಳು ಮೂರರ ಮೇಲೇ ಇರುತ್ತದೆ. ಇಲ್ಲಿ ಘಾತಾಂಕವೇ ಮುಳ್ಳು. 2026 ಗಂಟೆ ಸುತ್ತಿದರೆ ಮುಳ್ಳು 168 ಪೂರ್ತಿ ಸುತ್ತು ಹೊಡೆದು 10ರ ಮೇಲೆ ನಿಲ್ಲುತ್ತದೆ. ಹತ್ತನೆಯ ಸಾಲಿನಲ್ಲಿ 4 ಇದೆ. ಮುಗಿಯಿತು.

ಇನ್ನೊಂದು ಗಮನಿಸಿ. ಬಲಗಡೆ 1ರಿಂದ 12ರವರೆಗಿನ ಎಲ್ಲ ಸಂಖ್ಯೆಗಳೂ ಒಂದೊಂದೇ ಸಲ ಬಂದಿವೆ. ಯಾವುದೂ ಬಿಟ್ಟಿಲ್ಲ, ಯಾವುದೂ ಎರಡು ಸಲ ಬಂದಿಲ್ಲ. ಎಲ್ಲ ಸಂಖ್ಯೆಗೂ ಈ ಭಾಗ್ಯ ಇರುವುದಿಲ್ಲ. 7ರ ಬದಲು 3 ತಗೊಂಡರೆ 3, 9, 1 ಅಷ್ಟಕ್ಕೇ ಸುತ್ತು ಮುಗಿಯುತ್ತದೆ. 5 ತಗೊಂಡರೆ 5, 12, 8, 1. ಅದಕ್ಕೇ ನನಗೆ 13ರ ಜೊತೆ 7 ಕಂಡರೆ ಇಷ್ಟ.

ಸುತ್ತು 12ಕ್ಕೇ ಯಾಕೆ ಮುಗಿಯಬೇಕು? 13 ಯಾಕಲ್ಲ? ಇದು ಕಾಕತಾಳೀಯವಾ?

ಅಲ್ಲ. 1ರಿಂದ 12ರವರೆಗಿನ ಸಂಖ್ಯೆಗಳನ್ನು ಬರೆದು, ಪ್ರತಿಯೊಂದನ್ನೂ 7ರಿಂದ ಗುಣಿಸಿ, 13ರ ಶೇಷ ಬರೆಯಿರಿ:

```
1  2  3  4  5  6  7  8  9 10 11 12
7  1  8  2  9  3 10  4 11  5 12  6
```

ಕೆಳಗಿನ ಸಾಲಿನಲ್ಲೂ ಅದೇ ಹನ್ನೆರಡು ಸಂಖ್ಯೆಗಳು. ಜಾಗ ಮಾತ್ರ ಅದಲು ಬದಲು, ಇಸ್ಪೀಟ್ ಎಲೆ ಕಲೆಸಿದ ಹಾಗೆ. ಎರಡು ಕಡೆ ಒಂದೇ ಸಂಖ್ಯೆ ಬರಲು ಸಾಧ್ಯವೇ ಇಲ್ಲ. ಬಂದರೆ ಅವೆರಡರ ವ್ಯತ್ಯಾಸವನ್ನು 7ರಿಂದ ಗುಣಿಸಿದ್ದು 13ರಿಂದ ಪೂರ್ತಿ ಭಾಗವಾಗಬೇಕು. 13 ಅವಿಭಾಜ್ಯ ಸಂಖ್ಯೆ. ಅದು 7ನ್ನೂ ಭಾಗಿಸುವುದಿಲ್ಲ, 12ಕ್ಕಿಂತ ಚಿಕ್ಕದಾದ ಆ ವ್ಯತ್ಯಾಸವನ್ನೂ ಭಾಗಿಸುವುದಿಲ್ಲ. ಹಾಗಾಗಿ ಡಿಕ್ಕಿ ಆಗುವ ಮಾತೇ ಇಲ್ಲ.

ಈಗ ಮೇಲಿನ ಸಾಲನ್ನೆಲ್ಲ ಒಟ್ಟು ಗುಣಿಸಿ, ಕೆಳಗಿನ ಸಾಲನ್ನೂ ಒಟ್ಟು ಗುಣಿಸಿ. ಸಂಖ್ಯೆಗಳು ಅವೇ ಆದ್ದರಿಂದ ಗುಣಲಬ್ಧವೂ ಒಂದೇ. ಆದರೆ ಕೆಳಗಿನ ಸಾಲು ಬಂದದ್ದು ಮೇಲಿನ ಪ್ರತಿ ಸಂಖ್ಯೆಗೆ ಒಂದೊಂದು 7 ಅಂಟಿಸಿ. ಅಂದರೆ ಅದರಲ್ಲಿ ಹನ್ನೆರಡು 7ಗಳು ಜಾಸ್ತಿ ಇವೆ. ಹನ್ನೆರಡು 7 ಜಾಸ್ತಿ ಗುಣಿಸಿದರೂ 13ರ ಲೆಕ್ಕದಲ್ಲಿ ಏನೂ ಬದಲಾಗಲಿಲ್ಲ ಎಂದರೆ, ಆ ಹನ್ನೆರಡು 7ಗಳ ಗುಣಲಬ್ಧ 1ರ ಸಮ. ಅದೇ 7^12ರ ಶೇಷ 1.

7ರ ಜಾಗದಲ್ಲಿ 13ರಿಂದ ಭಾಗವಾಗದ ಯಾವ ಸಂಖ್ಯೆ ಇಟ್ಟರೂ ಇದೇ ಮಾತು ನಡೆಯುತ್ತದೆ. 13ರ ಜಾಗದಲ್ಲಿ ಬೇರೆ ಅವಿಭಾಜ್ಯ ಸಂಖ್ಯೆ ಇಟ್ಟರೂ ನಡೆಯುತ್ತದೆ, ಆಗ 12ರ ಬದಲು ಅದಕ್ಕಿಂತ ಒಂದು ಕಡಿಮೆ. ಫ್ರಾನ್ಸಿನ ಪಿಯರ್ ಡಿ ಫರ್ಮಾ ಇದನ್ನು 1640ರ ಅಕ್ಟೋಬರಿನಲ್ಲಿ ಒಂದು ಪತ್ರದಲ್ಲಿ ಬರೆದ. ಸಾಧನೆ ಕಳಿಸಲಿಲ್ಲ, ತುಂಬಾ ಉದ್ದವಾಗುತ್ತದೆ ಎಂದು ಹೆದರಿದ್ದೇನೆ ಎಂದ! ಸಾಧನೆ ಕೊಡಲು ಆಯ್ಲರ್ ಬರಬೇಕಾಯಿತು, 1736ರಲ್ಲಿ. ನಾವು ಜಗಲಿ ಮೇಲೆ ಕೂತು ಐದು ನಿಮಿಷದಲ್ಲಿ ಮಾಡಿದ್ದೂ ಅದನ್ನೇ.

ಘಾತಾಂಕವನ್ನು 12ರಿಂದ ಭಾಗಿಸಿದಾಗ ಏನೂ ಉಳಿಯದಿದ್ದರೆ ಉತ್ತರ 0 ಅಲ್ವಾ?

ಅಲ್ಲ, 1. ನಾನೇ ಕೆಟ್ಟ ಜಾಗ ಇದು. ಬಹಳ ವರ್ಷದ ಹಿಂದೆ ಒಂದು ನೇಮಕಾತಿ ಪರೀಕ್ಷೆಯಲ್ಲಿ 7^1200 ಕೇಳಿದ್ದರು. 1200 ಭಾಗಿಸು 12, ಸರಿಯಾಗಿ 100, ಶೇಷ 0. ಖುಷಿಯಲ್ಲಿ 0 ಎನ್ನುವ ಆಯ್ಕೆಗೆ ಗುರುತು ಹಾಕಿ ಬಂದೆ. ಹೊರಗೆ ಬಂದು ಚಹಾ ಕುಡಿಯುವಾಗ ನೆನಪಾಯಿತು: ಆ 0 ಘಾತಾಂಕದ ಶೇಷ, ಉತ್ತರದ ಶೇಷ ಅಲ್ಲ. ಉತ್ತರ 7^0, ಅಂದರೆ 1.

ಇಲ್ಲಿ ಉತ್ತರ 0 ಬರಲು ಸಾಧ್ಯವೇ ಇಲ್ಲ ಎನ್ನುವುದನ್ನು ನೆನಪಿಟ್ಟರೂ ಸಾಕಿತ್ತು. 7ನ್ನು ಎಷ್ಟು ಸಲ ಗುಣಿಸಿದರೂ ಅದರೊಳಗೆ 7 ಬಿಟ್ಟು ಬೇರೆ ಅವಿಭಾಜ್ಯ ಸಂಖ್ಯೆ ಹುಟ್ಟುವುದಿಲ್ಲ. 13 ಎಲ್ಲಿಂದ ಬರಬೇಕು? ಆಯ್ಕೆಗಳಲ್ಲಿ 0 ಇದ್ದರೆ ಅದನ್ನು ಮೊದಲೇ ಹೊಡೆದುಹಾಕಿ.

ಗೈಡಿನಲ್ಲಿ 7^2026ಕ್ಕೆ ಉತ್ತರ 2 ಎಂದಿದೆ. ಯಾರು ಸರಿ?

ಗೈಡ್ ತಪ್ಪು. ಎಲ್ಲಿ ತಪ್ಪಿದ್ದಾರೆ ಎಂದೂ ಹೇಳಬಹುದು. 2026ನ್ನು 13ರಿಂದ ಭಾಗಿಸಿದರೆ 13 × 155 = 2015, ಉಳಿದದ್ದು 11. ಹನ್ನೊಂದನೆಯ ಸಾಲಿನಲ್ಲಿ 2 ಇದೆ. ಘಾತಾಂಕವನ್ನೂ 13ರಿಂದಲೇ ಭಾಗಿಸಿಬಿಟ್ಟಿದ್ದಾರೆ.

ಈ ತಪ್ಪು ತುಂಬಾ ಸಾಮಾನ್ಯ. ಕೆಳಗಿರುವ 7ನ್ನು 13ರ ಚಿಪ್ಪಿನಲ್ಲಿ ಇಳಿಸಬಹುದು, ಅದು ಹಣ್ಣಿನ ಎಣಿಕೆ. ಮೇಲಿರುವ 2026 ಹಣ್ಣಲ್ಲ, ಎಷ್ಟು ಸಲ ಗುಣಿಸಿದೆವು ಎನ್ನುವ ಎಣಿಕೆ. ಅದು ಇಳಿಯುವುದು ಸುತ್ತಿನ ಉದ್ದಕ್ಕೆ, ಅಂದರೆ 12ಕ್ಕೆ. ಅನುಮಾನ ಬಂದರೆ ಚಿಕ್ಕದರ ಮೇಲೆ ಪರೀಕ್ಷೆ ಮಾಡಿ. ಘಾತಾಂಕ 13ರಿಂದ ಇಳಿಯುವುದಾದರೆ 7^13ರ ಶೇಷ 1 ಬರಬೇಕಿತ್ತು. ನಿಜವಾಗಿ ಬರುವುದು 7.

ಇನ್ನೊಂದು ಗೊಂದಲವೂ ಇದೆ. ಶಾಲೆಯಲ್ಲಿ 7ರ ಘಾತದ ಕೊನೆಯ ಅಂಕಿ 7, 9, 3, 1 ಎಂದು ನಾಲ್ಕಕ್ಕೊಮ್ಮೆ ಸುತ್ತುತ್ತದೆ ಎಂದು ಕಲಿತಿರುತ್ತೀರಿ. ಅದು 10ರಿಂದ ಭಾಗಿಸುವ ಲೆಕ್ಕ. ಇಲ್ಲಿಗೆ ತರಬೇಡಿ.

ಪರೀಕ್ಷೆಯಲ್ಲಿ ಹನ್ನೆರಡು ಸಾಲು ಬರೆಯಲು ಪುರುಸೊತ್ತಿಲ್ಲ. ಅಡ್ಡದಾರಿ ಇದೆಯಾ?

ಇದೆ, ಚೆನ್ನಾಗಿಯೂ ಇದೆ. ಶೇಷವನ್ನು ಸ್ವಲ್ಪ ಹೊತ್ತು ಋಣ ಸಂಖ್ಯೆಯಾಗಿ ಬರೆಯಿರಿ. 49ಕ್ಕೆ ಇನ್ನು 3 ಸೇರಿಸಿದರೆ 52 ಆಗುತ್ತದೆ, ಅದು 13 × 4. ಅಂದರೆ ನಾಲ್ಕು ಚಿಪ್ಪಿಗೆ 3 ಹಣ್ಣು ಸಾಲ ಇದೆ. ಹಾಗಾಗಿ 7^2 ಅಂದರೆ −3.

ಇದನ್ನು ಮೂರು ಸಲ ಗುಣಿಸಿದರೆ 7^6 ಅಂದರೆ −27. 26 ಅಂದರೆ ಎರಡು ಚಿಪ್ಪು, ಉಳಿದದ್ದು −1. ಸಿಕ್ಕಿತು: 7^6 ಅಂದರೆ −1. ಇದೊಂದು ನೆನಪಿದ್ದರೆ ಪಟ್ಟಿ ಬೇಕಿಲ್ಲ.

2026ನ್ನು ಈಗ 6ರಿಂದ ಭಾಗಿಸಿ: 6 × 337 = 2022, ಉಳಿದದ್ದು 4. 337 ಬೆಸ ಸಂಖ್ಯೆ, ಆದ್ದರಿಂದ −1ನ್ನು 337 ಸಲ ಗುಣಿಸಿದರೆ −1. ಉಳಿದ 7^4 ಅಂದರೆ (−3) × (−3) = 9. ಎರಡನ್ನೂ ಗುಣಿಸಿದರೆ −9. ಸಾಲ ತೀರಿಸಲು 13 ಸೇರಿಸಿ: 4. ಅದೇ ಉತ್ತರ ಬಂತು.

ಕೊನೆಗೆ 13 ಸೇರಿಸುವುದನ್ನು ಮರೆಯಬೇಡಿ. ಶೇಷ ಯಾವತ್ತೂ 0ರಿಂದ 12ರೊಳಗೆ ಇರಬೇಕು, −9 ಎಂದು ಬರೆದು ಬಂದರೆ ಅಂಕ ಸಿಗುವುದಿಲ್ಲ.

ಇದೇ −1ರಿಂದ ಇನ್ನೊಂದು ಬಗೆಯ ಪ್ರಶ್ನೆಯೂ ಬಗೆಹರಿಯುತ್ತದೆ. "7^2022 + 1 ಸಂಖ್ಯೆ 13ರಿಂದ ಪೂರ್ತಿ ಭಾಗವಾಗುತ್ತದೆಯೇ?" 2022 ಅಂದರೆ 6 × 337, ಶೇಷ −1. ಅದಕ್ಕೆ 1 ಸೇರಿಸಿದರೆ 0. ಹೌದು, ಭಾಗವಾಗುತ್ತದೆ.

ಘಾತಾಂಕವೇ ರಾಕ್ಷಸ ಗಾತ್ರದ್ದಾಗಿದ್ದರೆ 12ರಿಂದ ಭಾಗಿಸುವುದು ಹೇಗೆ?

12 ಅಂದರೆ 4 ಮತ್ತು 3. ಕೊನೆಯ ಎರಡು ಅಂಕಿ ನೋಡಿದರೆ 4ರ ಶೇಷ ಸಿಗುತ್ತದೆ. ಅಂಕಿಗಳನ್ನೆಲ್ಲ ಕೂಡಿಸಿದರೆ 3ರ ಶೇಷ ಸಿಗುತ್ತದೆ. ಎರಡಕ್ಕೂ ಹೊಂದುವ ಸಂಖ್ಯೆಯನ್ನು 0ರಿಂದ 11ರೊಳಗೆ ಹುಡುಕಿ. ಅಂಥದ್ದು ಒಂದೇ ಒಂದು ಇರುತ್ತದೆ.

ಉದಾಹರಣೆಗೆ 7^123456789. ಕೊನೆಯ 89ನ್ನು 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ಅಂಕಿಗಳ ಮೊತ್ತ 45, ಅದನ್ನು 3ರಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲ. 4ರಿಂದ ಭಾಗಿಸಿದಾಗ 1 ಉಳಿಯುವವು 1, 5, 9. ಅವುಗಳಲ್ಲಿ 3ರಿಂದ ಪೂರ್ತಿ ಭಾಗವಾಗುವುದು 9. ಒಂಬತ್ತನೆಯ ಸಾಲು ನೋಡಿ: ಶೇಷ 8.

ಒಂದರ ಮುಂದೆ ನೂರು ಸೊನ್ನೆ ಇರುವ ಘಾತಾಂಕ ಕೊಟ್ಟರೂ ಅಷ್ಟೇ. ಕೊನೆಯ ಎರಡಂಕಿ 00, ಆದ್ದರಿಂದ 4ರ ಶೇಷ 0. ಅಂಕಿಗಳ ಮೊತ್ತ 1, ಆದ್ದರಿಂದ 3ರ ಶೇಷ 1. ಎರಡಕ್ಕೂ ಹೊಂದುವುದು 4. ನಾಲ್ಕನೆಯ ಸಾಲು, ಶೇಷ 9.

7^(7^7) ಬಂದರೆ? ಘಾತದ ಮೇಲೆ ಘಾತ ಕೂತಿದೆಯಲ್ಲ.

ಇದು ನೋಡಲು ಭಯ, ಮಾಡಲು ಸುಲಭ. ಒಳಗಿನ 7^7 ಅಂದರೆ 8,23,543. ಹೊರಗಿನದನ್ನು ಬಿಡಿಸಿ ಬರೆದರೆ 6,95,975 ಅಂಕಿಗಳು.

ನಮಗೆ ಬೇಕಾದದ್ದು 7^7ನ್ನು 12ರಿಂದ ಭಾಗಿಸಿದಾಗ ಉಳಿಯುವುದು ಮಾತ್ರ. 12ರ ಲೆಕ್ಕದಲ್ಲಿ 7^2 = 49, ಅಂದರೆ 48 ಹೋಗಿ 1. ಹಾಗಾಗಿ 7ನ್ನು ಸಮ ಸಂಖ್ಯೆಯಷ್ಟು ಸಲ ಗುಣಿಸಿದರೆ 1, ಬೆಸ ಸಂಖ್ಯೆಯಷ್ಟು ಸಲ ಗುಣಿಸಿದರೆ 7. ಮೇಲಿರುವ 7 ಬೆಸ, ಆದ್ದರಿಂದ 12ರ ಶೇಷ 7. ಏಳನೆಯ ಸಾಲು ನೋಡಿ: ಉತ್ತರ 6.

ಇದರಲ್ಲಿ ಒಂದು ತಮಾಷೆ ಇದೆ. ಮೇಲೆ ಇನ್ನೊಂದು 7 ಏರಿಸಿ, ಇನ್ನೂ ಹತ್ತು 7 ಏರಿಸಿ. 7ರ ಯಾವ ಘಾತವಾದರೂ ಬೆಸವೇ. ಆದ್ದರಿಂದ ಉತ್ತರ 6ರಿಂದ ಕದಲುವುದೇ ಇಲ್ಲ. ಗೋಪುರ ಆಕಾಶ ಮುಟ್ಟಿದರೂ ಶೇಷ 6.

ಆದರೆ ಆವರಣ ಎಲ್ಲಿದೆ ಎಂದು ಎರಡು ಸಲ ನೋಡಿ. (7^7)^7 ಕೊಟ್ಟಿದ್ದರೆ ಅದು ಬೇರೆಯೇ ಸಂಖ್ಯೆ: ಘಾತಾಂಕಗಳು ಗುಣಿಸಿಕೊಂಡು 7^49 ಆಗುತ್ತದೆ. 49ನ್ನು 12ರಿಂದ ಭಾಗಿಸಿದರೆ 1, ಉತ್ತರ 7. ಆವರಣವೇ ಇಲ್ಲದೆ ಬರೆದಿದ್ದರೆ ಗಣಿತದ ರೂಢಿಯಂತೆ ಮೇಲಿನಿಂದ ಕೆಳಗೆ ಮಾಡಬೇಕು, ಅಂದರೆ 6.

ಕ್ಯಾಲ್ಕುಲೇಟರಿನಲ್ಲೋ ಎಕ್ಸೆಲ್‌ನಲ್ಲೋ ಮಾಡಿದರೆ ಬೇರೆ ಉತ್ತರ ಬರುತ್ತಿದೆ. ಯಾಕೆ?

ಮೊಬೈಲಿನ ಸಾಮಾನ್ಯ ಕ್ಯಾಲ್ಕುಲೇಟರ್ 7^100 ಕೇಳಿದರೆ 3.2344765e84 ಎನ್ನುವ ಥರ ತೋರಿಸುತ್ತದೆ. 85 ಅಂಕಿಯ ಸಂಖ್ಯೆಯಲ್ಲಿ ಮುಂದಿನ ಕೆಲವೇ ಅಂಕಿಗಳು. ಶೇಷ ಕಂಡುಹಿಡಿಯಲು ಕೊನೆಯ ಅಂಕಿಯವರೆಗೂ ಬೇಕು. ಅದು ಅಲ್ಲಿ ಇಲ್ಲವೇ ಇಲ್ಲ.

ಕಂಪ್ಯೂಟರಿನಲ್ಲಿ ಎಷ್ಟನೆಯ ಘಾತಕ್ಕೆ ಕೈಕೊಡುತ್ತದೆ ಎಂದು ನಿಖರವಾಗಿ ಹೇಳಬಹುದು. ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆಗಳು 9007199254740992 ದಾಟಿದ ಮೇಲೆ ಬೆಸ ಸಂಖ್ಯೆಯನ್ನು ಇಟ್ಟುಕೊಳ್ಳಲಾರವು, ಸಮ ಸಂಖ್ಯೆಗೆ ಜಾರಿಬಿಡುತ್ತವೆ. 7ರ ಘಾತ ಯಾವತ್ತೂ ಬೆಸ! 7^18 ಆ ಗಡಿಯೊಳಗೇ ಇದೆ. 7^19 ಅಂದರೆ 11398895185373143, ಗಡಿ ದಾಟಿತು. ಅದನ್ನು ಯಂತ್ರ 11398895185373144 ಎಂದು ಇಟ್ಟುಕೊಳ್ಳುತ್ತದೆ. ಒಂದೇ ಒಂದು ಜಾಸ್ತಿ. ನಿಜವಾದ ಶೇಷ 6, ಅದು ಕೊಡುವುದು 7. ತಪ್ಪು ಎಂದು ಯಾವ ಎಚ್ಚರಿಕೆಯೂ ಬರುವುದಿಲ್ಲ, ಅದೇ ಅಪಾಯ.

ಎಕ್ಸೆಲ್ ಈ ವಿಷಯದಲ್ಲಿ ಪ್ರಾಮಾಣಿಕ. `=MOD(7^100,13)` ಹಾಕಿದರೆ `#NUM!` ಎಂದು ಕೈ ಎತ್ತಿಬಿಡುತ್ತದೆ. ಆದರೆ ಅದರಲ್ಲಿ ಇನ್ನೊಂದು ಮೋಸ ಇದೆ: `=7^7^7` ಎಂದು ಬರೆದರೆ ಅದು ಎಡದಿಂದ ಮಾಡುತ್ತಾ ಹೋಗಿ (7^7)^7 ಲೆಕ್ಕ ಹಾಕುತ್ತದೆ.

ಪೈಥಾನ್ ಇದ್ದರೆ ಚಿಂತೆಯಿಲ್ಲ. ಮೂರು ಸಂಖ್ಯೆ ಕೊಡುವ pow ಇದೆ, ಅದು ನಮ್ಮ ಹಾಗೆಯೇ ಪ್ರತಿ ಹೆಜ್ಜೆಗೂ ಚಿಪ್ಪು ಸರಿಸುತ್ತಾ ಹೋಗುತ್ತದೆ:

```python
pow(7, 2026, 13)   # 4
pow(7, 7**7, 13)   # 6
```

ಕಂಪ್ಯೂಟರ್ ಇಲ್ಲದೆ ನನ್ನ ಪಟ್ಟಿ ಸರಿಯಿದೆಯೇ ಎಂದು ತಾಳೆ ನೋಡುವುದು ಹೇಗೆ?

1001 ಅಂದರೆ 13 × 77. ಇದರಿಂದ ಒಂದು ಉಪಾಯ ಹುಟ್ಟುತ್ತದೆ. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಯಾಗಿ ಒಡೆಯಿರಿ. ಮೊದಲ ಗುಂಪು ಕೂಡಿ, ಎರಡನೆಯದು ಕಳೆಯಿರಿ, ಮೂರನೆಯದು ಕೂಡಿ. ಬಂದದ್ದರ ಶೇಷವೇ ಮೂಲ ಸಂಖ್ಯೆಯ ಶೇಷ.

7^10 = 282475249. ಬಲದಿಂದ 249, 475, 282. ಲೆಕ್ಕ: 249 − 475 + 282 = 56. 13 × 4 = 52 ಹೋದರೆ 4. ಹತ್ತನೆಯ ಸಾಲಿಗೆ ತಾಳೆಯಾಯಿತು.

ಇಷ್ಟೂ ಬೇಡ ಎನ್ನುವವರು ಪಟ್ಟಿಯ ಆರಂಭಕ್ಕೂ ನಡುವಿಗೂ ಹೊಂದಿಸಿ ನೋಡಿ. ಯಾವ ಸಾಲಿಗಾದರೂ ಅದರಿಂದ ಆರು ಸಾಲು ಕೆಳಗಿನದನ್ನು ಕೂಡಿಸಿದರೆ 13 ಬರಬೇಕು: 7 + 6, 10 + 3, 5 + 8. ಹೀಗೆ ಆರು ಜೋಡಿ. 7^6 ಅಂದರೆ −1 ಆಗಿರುವುದರಿಂದ ಬರುವ ಗುಣ ಇದು. ಎಲ್ಲಾದರೂ ಜೋಡಿ ಮುರಿದಿದ್ದರೆ ಗುಣಾಕಾರದಲ್ಲಿ ಕೈ ತಪ್ಪಿದೆ.

13ರ ಬದಲು ದೊಡ್ಡ ಭಾಜಕ ಕೊಟ್ಟರೆ ಪಟ್ಟಿ ಮಾಡುತ್ತಾ ಕೂರುವುದಾ?

ಆಗ ವರ್ಗ ಮಾಡುತ್ತಾ ಹೋಗುವ ದಾರಿ ಹಿಡಿಯಬೇಕು. 13ರ ಮೇಲೇ ತೋರಿಸುತ್ತೇನೆ, 7^100 ತಗೊಳ್ಳೋಣ. ಪ್ರತಿ ಸಲ ಹಿಂದಿನದನ್ನು ಅದರಿಂದಲೇ ಗುಣಿಸಿ:

```
7^1  -> 7
7^2  -> 10
7^4  -> 10*10=100 -> 9
7^8  -> 9*9=81    -> 3
7^16 -> 3*3=9     -> 9
7^32 -> 9*9=81    -> 3
7^64 -> 3*3=9     -> 9
```

100 ಅಂದರೆ 64 + 32 + 4. ಆ ಮೂರು ಸಾಲುಗಳನ್ನು ಗುಣಿಸಿ: 9 × 3 × 9 = 243. 13 × 18 = 234 ಹೋದರೆ 9. ಸುತ್ತಿನ ಲೆಕ್ಕದಲ್ಲೂ 100ನ್ನು 12ರಿಂದ ಭಾಗಿಸಿದರೆ 4, ನಾಲ್ಕನೆಯ ಸಾಲಿನಲ್ಲಿ 9. ನೂರು ಗುಣಾಕಾರದ ಬದಲು ಎಂಟರಲ್ಲಿ ಮುಗಿಯಿತು. ಪೈಥಾನಿನ pow ಒಳಗೂ ಇದೇ ಬಗೆಯ ಕೆಲಸ ನಡೆಯುತ್ತದೆ.

ಛಂದಸ್ಸು ಓದಿದವರಿಗೆ ಇದು ಹೊಸದಲ್ಲ. ಲಘು ಗುರುಗಳ ಒಟ್ಟು ವಿನ್ಯಾಸ ಎಷ್ಟು ಎಂದು ಎಣಿಸಲು ಪಿಂಗಳ ಹೇಳುವ ವಿಧಾನದಲ್ಲೂ ಸಂಖ್ಯೆಯನ್ನು ಅರ್ಧ ಮಾಡುತ್ತಾ ಇಳಿದು, ಮತ್ತೆ ವರ್ಗ ಮಾಡುತ್ತಾ ಏರುವ ಹೆಜ್ಜೆಗಳೇ ಇವೆ. ಅಲ್ಲಿ 7ರ ಬದಲು 2.

7ರ ಜಾಗದಲ್ಲಿ 20 ಇದ್ದರೆ?

20ರಿಂದ ಒಂದು ಚಿಪ್ಪು ತೆಗೆಯಿರಿ, 7 ಉಳಿಯಿತು. ಇದೇ ಪಟ್ಟಿ. 26 ಇದ್ದರೆ ಏನೂ ಉಳಿಯುವುದಿಲ್ಲ, ಎಷ್ಟನೆಯ ಘಾತವಾದರೂ ಶೇಷ 0.

ಉಲ್ಟಾ ಕೇಳಿದರೆ? ಶೇಷ ಕೊಟ್ಟು ಘಾತಾಂಕ ಕೇಳಿದರೆ?

ಉದಾಹರಣೆಗೆ 7ನ್ನು ಎಷ್ಟು ಸಲ ಗುಣಿಸಿದರೆ ಶೇಷ 11 ಬರುತ್ತದೆ ಎಂದು ಕೇಳಿದರೆ, ಪಟ್ಟಿ ನೋಡಿ 5 ಎಂದು ಹೇಳಬಹುದು. 17, 29, 41 ಕೂಡ ಸರಿ, 12 ಕೂಡಿಸುತ್ತಾ ಹೋಗಿ. ಆದರೆ ಪಟ್ಟಿಯ ಬಲಗಡೆಯನ್ನು ಇನ್ನೊಮ್ಮೆ ನೋಡಿ: 7, 10, 5, 9, 11, 12, 6... ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹತ್ತಿರ ಬಂದೆವಾ ದೂರ ಹೋದೆವಾ ಎಂದು ತಿಳಿಯುವ ಗುರುತೇ ಇಲ್ಲ. 13ರ ಜಾಗದಲ್ಲಿ ಆರುನೂರು ಅಂಕಿಯ ಅವಿಭಾಜ್ಯ ಸಂಖ್ಯೆಯನ್ನು ಎಚ್ಚರದಿಂದ ಆರಿಸಿಟ್ಟರೆ, ಮುಂದಕ್ಕೆ ಹೋಗುವುದು ಕಂಪ್ಯೂಟರಿಗೆ ಕ್ಷಣದ ಕೆಲಸ, ಹಿಂದಕ್ಕೆ ಬರುವ ದಾರಿ ಇವತ್ತಿನ ಯಂತ್ರಗಳ ಕೈಗೆ ಎಟುಕುವುದಿಲ್ಲ.

ಈ ಏಕಮುಖ ದಾರಿಯನ್ನೇ ಹಿಡಿದು 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಗುಟ್ಟಿನ ಕೀಲಿ ಮಾಡಿಕೊಳ್ಳುವ ಉಪಾಯ ಪ್ರಕಟಿಸಿದರು. ನಮ್ಮ 7 ಮತ್ತು 13ರಲ್ಲೇ ಆಡಿ ನೋಡಬಹುದು, ಜಗಲಿಯಲ್ಲಿ ಎಲ್ಲರಿಗೂ ಇಷ್ಟವಾಗುವ ಆಟ ಇದು. ಅಕ್ಕ ಮನಸ್ಸಿನಲ್ಲಿ 5 ಎಂದುಕೊಳ್ಳುತ್ತಾಳೆ, 7^5ರ ಶೇಷ 11 ಎಂದು ಎಲ್ಲರೆದುರು ಜೋರಾಗಿ ಕೂಗುತ್ತಾಳೆ. ತಮ್ಮ ಮನಸ್ಸಿನಲ್ಲಿ 8 ಎಂದುಕೊಂಡು 7^8ರ ಶೇಷ 3 ಎಂದು ಕೂಗುತ್ತಾನೆ. ಅಕ್ಕ ತಮ್ಮನ 3ನ್ನು ತನ್ನ 5ನೆಯ ಘಾತಕ್ಕೆ ಏರಿಸುತ್ತಾಳೆ: 243, ಶೇಷ 9. ತಮ್ಮ ಅಕ್ಕನ 11ನ್ನು ತನ್ನ 8ನೆಯ ಘಾತಕ್ಕೆ ಏರಿಸಬೇಕು. 11 ಅಂದರೆ −2, ಅದರ ಎಂಟನೆಯ ಘಾತ 256, ಅದರಿಂದ 247 ಹೋದರೆ 9. ಇಬ್ಬರೂ ಮುಟ್ಟಿದ್ದು 7^40, ಇಬ್ಬರಿಗೂ ಸಿಕ್ಕಿದ್ದು 9, ಆ 9ನ್ನು ಇಬ್ಬರೂ ಬಾಯಿಬಿಟ್ಟು ಹೇಳಲೇ ಇಲ್ಲ.